ಕಸದ ಪತ್ರವೂ ಪರೀಕ್ಷೆಯ ಮಾದರಿ ಉತ್ತರವೂ

ಪ್ರೌಢಶಾಲೆಯ ಕೊನೆಯ ತರಗತಿಗಳ ಭಾಷಾಪರೀಕ್ಷೆಗಳಲ್ಲಿ ಪತ್ರಲೇಖನಕ್ಕೆ ಬಹುಕಾಲದಿಂದ ಒಂದು ಸ್ಥಾನವುಂಟು. ಆ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವುದು ಇದು: ನಿಮ್ಮ ಬಡಾವಣೆಯಲ್ಲಿ ಕಸವಿಲೇವಾರಿ ಸರಿಯಾಗಿ ನಡೆಯುತ್ತಿಲ್ಲವೆಂದು ಒಂದು ದಿನಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಿರಿ. ಈ ಪ್ರಶ್ನೆಗೆ ಅಂಗಡಿಗಳಲ್ಲಿ ದೊರೆಯುವ ಮಾರ್ಗದರ್ಶಿ ಪುಸ್ತಕಗಳು ಒಂದು ಮಾದರಿ ಉತ್ತರವನ್ನು ಅಚ್ಚುಮಾಡಿಕೊಡುತ್ತವೆ. ಮನೆಪಾಠದವರು ಅದನ್ನು ಬಾಯಿಪಾಠ ಮಾಡಿಸುತ್ತಾರೆ. ವಿದ್ಯಾರ್ಥಿಯು ಅದನ್ನೇ ಒಪ್ಪಿಸಿ ಅಂಕಗಳನ್ನು ಪಡೆಯುತ್ತಾನೆ. ಮಗುವಿಗೆ ಅಂಕ ಬಂದಿತೆಂದು ಮನೆಯವರೂ ಸಂತೋಷಪಡುತ್ತಾರೆ. ಆದರೆ ಆ ಉತ್ತರವು ಪತ್ರವೇ ಅಲ್ಲವೆಂಬುದೂ, ಅದನ್ನು ಕಲಿತವನು ತನ್ನ ಬೀದಿಯ ಕಸವನ್ನು ಕುರಿತು ನಿಜವಾದ ಪತ್ರ ಬರೆಯಲು ಮೊದಲಿಗಿಂತ ಅಸಮರ್ಥನಾಗುತ್ತಾನೆಂಬುದೂ ವಿಚಾರಮಾಡತಕ್ಕ ಸಂಗತಿ.

ಮಾದರಿ ಉತ್ತರದ ಸ್ವರೂಪ ಎಲ್ಲರಿಗೂ ಪರಿಚಿತವಾದದ್ದೇ. ಮೇಲ್ಭಾಗದಲ್ಲಿ ‘ಇವರಿಂದ’, ‘ಇವರಿಗೆ’, ದಿನಾಂಕ, ವಿಷಯ ಎಂಬ ಅಂಗಗಳು ಬರುತ್ತವೆ. ಆಮೇಲೆ ತಮ್ಮ ಜನಪ್ರಿಯ ಪತ್ರಿಕೆಯ ಮೂಲಕ ಸಂಬಂಧಪಟ್ಟ ಅಧಿಕಾರಿಗಳ ಗಮನವನ್ನು ಸೆಳೆಯಬಯಸುವುದಾಗಿ ಒಂದು ವಾಕ್ಯ. ಎಲ್ಲೆಲ್ಲೂ ಕಸದ ರಾಶಿಗಳು ಬಿದ್ದಿವೆ, ದುರ್ವಾಸನೆ ಸಹಿಸಲಸಾಧ್ಯವಾಗಿದೆ, ಸೊಳ್ಳೆಗಳು ಹೆಚ್ಚಿ ರೋಗಗಳು ಹರಡುತ್ತಿವೆ, ಹಲವು ಬಾರಿ ದೂರಿತ್ತರೂ ಪ್ರಯೋಜನವಾಗಿಲ್ಲ ಎಂದು ನಾಲ್ಕು ವಾಕ್ಯ. ಕಡೆಗೆ ಅಧಿಕಾರಿಗಳು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕೆಂಬ ಪ್ರಾರ್ಥನೆ, ವಂದನೆ, ಸಹಿ. ವ್ಯಾಕರಣದಲ್ಲಿ ದೋಷವಿಲ್ಲ, ಮರ್ಯಾದೆಗೆ ಕೊರತೆಯಿಲ್ಲ. ಆದರೂ ಒಂದು ಸಣ್ಣ ಪರೀಕ್ಷೆಗೆ ಇದು ನಿಲ್ಲಲಾರದು. ಕಸ ಎಂಬ ಮಾತಿದ್ದಲ್ಲಿ ಕೆಟ್ಟ ರಸ್ತೆ ಎಂದೋ ಆರಿದ ಬೀದಿದೀಪ ಎಂದೋ ಬರೆದು, ದುರ್ವಾಸನೆಯ ಸ್ಥಾನದಲ್ಲಿ ಅಪಘಾತವನ್ನು ಇಟ್ಟು ನೋಡಬಹುದು. ಪತ್ರವು ಎಲ್ಲಿಯೂ ಮುಗ್ಗರಿಸುವುದಿಲ್ಲ. ಹೀಗೆ ಯಾವ ವಿಷಯಕ್ಕೂ ಹೊಂದುವ ಪತ್ರವು ಯಾವ ವಿಷಯವನ್ನೂ ಕುರಿತದ್ದಲ್ಲ.

ಇದರ ಮೊದಲನೆಯ ದೋಷವೆಂದರೆ ಪತ್ರ ಯಾರಿಗೆ, ಏತಕ್ಕೆ ಎಂಬುದನ್ನು ಮರೆತಿರುವುದು. ಸಂಪಾದಕರ ಬಳಿ ಕಸದ ಗಾಡಿಯಿಲ್ಲ, ಪೌರಕಾರ್ಮಿಕರಿಲ್ಲ. ಪಟ್ಟಣದ ಬೀದಿಗಳನ್ನು ಶುಚಿಯಾಗಿಡುವ ಹೊಣೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಪ್ರಕಾರ ಪುರಸಭೆ, ನಗರಸಭೆಗಳದು. ದೊಡ್ಡ ನಗರಗಳಲ್ಲಿ ಮಹಾನಗರಪಾಲಿಕೆಗಳದು. ಆದುದರಿಂದ ಕಸ ಎತ್ತಿಲ್ಲವೆಂಬ ದೂರು ಮೊದಲು ಹೋಗಬೇಕಾದದ್ದು ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ. ಅಲ್ಲಿ ನಡೆಯದಿದ್ದರೆ ಪುರಸಭೆಯ ಮುಖ್ಯಾಧಿಕಾರಿಗೆ ಅಥವಾ ನಗರಸಭೆಯ ಪೌರಾಯುಕ್ತರಿಗೆ. ಆ ದೂರಿಗೆ ಸ್ವೀಕೃತಿಯನ್ನು ಪಡೆದು, ಕೆಲವು ದಿವಸ ಕಾದು, ಕೆಲಸವಾಗದಿದ್ದಾಗ ಪತ್ರಿಕೆಗೆ ಬರೆಯುವುದು ಕ್ರಮ. ಪತ್ರಿಕೆಗೆ ಬರೆದ ಪತ್ರದ ಬಲವೆಲ್ಲ ಈ ಹಿಂದಿನ ಹೆಜ್ಜೆಯಲ್ಲಿದೆ. ಇಂಥ ದಿನ ಇಂಥ ಕಚೇರಿಗೆ ಬರಹದಲ್ಲಿ ತಿಳಿಸಿದೆವು, ಇಷ್ಟು ದಿನವಾದರೂ ಉತ್ತರವಿಲ್ಲ ಎಂಬ ಒಂದು ವಾಕ್ಯವನ್ನು ಓದಿದ ಅಧಿಕಾರಿಯು ತನ್ನ ಕಡತವನ್ನು ತೆಗೆದು ನೋಡಲೇಬೇಕಾಗುತ್ತದೆ. ಹಲವು ಬಾರಿ ದೂರಿತ್ತೆವು ಎಂಬ ವಾಕ್ಯವನ್ನು ಓದಿದವನಿಗೆ ತೆಗೆದು ನೋಡಲು ಏನೂ ಇಲ್ಲ. ದಿನಾಂಕವಿಲ್ಲದ ದೂರನ್ನು ಇಲ್ಲವೆನ್ನುವುದು ಬಹು ಸುಲಭ.

ಎರಡನೆಯ ದೋಷ ಇದಕ್ಕಿಂತ ದೊಡ್ಡದು. ರಾಶಿ ಬಿದ್ದಿದೆಯೆಂದು ಹೇಳುವ ಮಾದರಿ ಉತ್ತರವು ಅದೇಕೆ ಬಿದ್ದಿತೆಂದು ಕೇಳುವುದಿಲ್ಲ. ಕಸದ ರಾಶಿಯನ್ನು ಕಣ್ಣಿಟ್ಟು ನೋಡಿದವರಿಗೆ ಅದರೊಳಗೇ ಕಾರಣ ಕಾಣುತ್ತದೆ. ರಾಶಿಯಲ್ಲಿರುವುದು ಬಹುಮಟ್ಟಿಗೆ ಬಾಯಿಕಟ್ಟಿದ ಪ್ಲಾಸ್ಟಿಕ್ ಚೀಲಗಳಾಗಿದ್ದು, ಒಳಗೆ ತರಕಾರಿ ಸಿಪ್ಪೆಯೂ ಉಳಿದ ಅನ್ನವೂ ಇದ್ದರೆ, ಅದು ಅಕ್ಕಪಕ್ಕದ ಮನೆಗಳ ಕಸ. ಗಾಡಿ ಬರುವ ಹೊತ್ತು ಮನೆಯವರು ಇರುವ ಹೊತ್ತಿಗೆ ಹೊಂದುತ್ತಿಲ್ಲ, ಇಲ್ಲವೆ ಗಾಡಿ ಆ ಬೀದಿಗೆ ಬರುತ್ತಲೇ ಇಲ್ಲ. ಉಂಡ ಎಲೆ, ಕಾಗದದ ಲೋಟ, ಕೊಳೆತ ಹೂವು, ಎಳನೀರು ಬುರುಡೆಗಳು ಹೆಚ್ಚಾಗಿದ್ದರೆ ಕಾರಣ ಮನೆಗಳಲ್ಲ; ಹತ್ತಿರದ ಕಲ್ಯಾಣಮಂಟಪ, ಖಾನಾವಳಿ ಅಥವಾ ಸಂತೆ. ಒಡೆದ ಇಟ್ಟಿಗೆ, ಗಾರೆ, ಹಳೆಯ ಹಾಸಿಗೆ ಇದ್ದರೆ ಯಾರೋ ರಾತ್ರಿಯಲ್ಲಿ ಹೊರಗಿನಿಂದ ತಂದು ಸುರಿಯುತ್ತಿದ್ದಾರೆ. ಒಣಗಿದ ಎಲೆಯೂ ಮಣ್ಣೂ ಸೇರಿದ ಚಿಕ್ಕ ಚಿಕ್ಕ ಗುಪ್ಪೆಗಳು ಸಾಲಾಗಿದ್ದರೆ, ಗುಡಿಸುವವರು ಗುಡಿಸಿದ್ದಾರೆ, ಎತ್ತುವವರು ಬಂದಿಲ್ಲ. ಗುಡಿಸುವ ಕೆಲಸವೂ ಸಾಗಿಸುವ ಕೆಲಸವೂ ಬೇರೆ ಬೇರೆ ತಂಡಗಳ ವಶದಲ್ಲಿದ್ದು ಅವುಗಳ ನಡುವೆ ಹೊಂದಾಣಿಕೆಯಿಲ್ಲವೆಂದು ಇದರಿಂದ ತಿಳಿಯಬಹುದು.

ಈ ನಾಲ್ಕು ರಾಶಿಗಳಿಗೆ ಪರಿಹಾರವೂ ನಾಲ್ಕು ಬಗೆ. ಮೊದಲನೆಯದಕ್ಕೆ ಗಾಡಿಯ ಹೊತ್ತನ್ನೋ ದಾರಿಯನ್ನೋ ಬದಲಿಸಬೇಕು. ಎರಡನೆಯದಕ್ಕೆ ಮಂಟಪದವರಿಂದಲೋ ಸಂತೆಯವರಿಂದಲೋ ಕಸವನ್ನು ಬೇರೆಯಾಗಿ ಎತ್ತುವ ಏರ್ಪಾಡು ಬೇಕು. ಮೂರನೆಯದಕ್ಕೆ ಕಾವಲೂ ದಂಡವೂ ಬೇಕು. ನಾಲ್ಕನೆಯದಕ್ಕೆ ಇಬ್ಬರು ಮೇಸ್ತ್ರಿಗಳು ಒಂದೆಡೆ ನಿಂತು ಮಾತಾಡಿದರೆ ಸಾಕು. ಇವುಗಳಲ್ಲಿ ಯಾವುದೆಂದು ಹೇಳದೆ ಸೂಕ್ತ ಕ್ರಮವನ್ನು ಬೇಡುವುದು, ನೋವು ಎಲ್ಲಿಯೆಂದು ತಿಳಿಸದೆ ವೈದ್ಯನಲ್ಲಿ ಮದ್ದು ಕೇಳಿದಂತೆಯೇ ಸರಿ. ಅಧಿಕಾರಿಗಳು ಮಾಡುವುದೂ ಆಗ ಒಂದೇ: ಒಂದು ದಿನ ಯಂತ್ರವನ್ನು ಕಳುಹಿಸಿ ರಾಶಿಯನ್ನು ಬಾಚಿಸುತ್ತಾರೆ. ಕಾರಣ ಇದ್ದಲ್ಲಿಯೇ ಇರುವುದರಿಂದ ವಾರದೊಳಗೆ ರಾಶಿ ಮತ್ತೆ ಬೆಳೆಯುತ್ತದೆ. ಬಾಚಿದ ಮೂಲೆಯಲ್ಲಿಯೇ ಕಸ ಮತ್ತೆ ಕಾಣಿಸಿಕೊಂಡರೆ ಕೊರತೆ ಗುಡಿಸುವವರದಲ್ಲ, ಏರ್ಪಾಡಿನದೆಂದು ನಿಶ್ಚಯಿಸಬಹುದು.

ಕಾರಣದ ವಿಷಯದಲ್ಲಿ ಅಸಡ್ಡೆಯುಳ್ಳವನು ಪರಿಣಾಮದ ವಿಷಯದಲ್ಲಿಯೂ ತಪ್ಪುವುದು ಸಹಜ. ಕಸದಿಂದ ಸೊಳ್ಳೆ, ಸೊಳ್ಳೆಯಿಂದ ಡೆಂಗಿ ಎಂದು ಮಾದರಿ ಉತ್ತರಗಳು ನಿಸ್ಸಂಕೋಚವಾಗಿ ಹೇಳುತ್ತವೆ. ಕೊಳೆಯುವ ಸಿಪ್ಪೆಯಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ಅದು ಹುಟ್ಟಲು ನೀರು ಬೇಕು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯು ಎಸೆದ ಬುರುಡೆ, ಲೋಟ, ಹಳೆಯ ಟೈರುಗಳಲ್ಲಿ ನಿಂತ ಮಳೆನೀರಿನಲ್ಲಿ ಬೆಳೆಯುತ್ತದೆ. ಹಸಿಕಸದಲ್ಲಿ ಹುಟ್ಟುವುದು ನೊಣ. ಬಿಸಿಲಿನ ದಿನಗಳಲ್ಲಿ ನೊಣದ ಮೊಟ್ಟೆಯು ಹುಳುವಾಗಿ, ಕೋಶವಾಗಿ, ರೆಕ್ಕೆ ಬಲಿತು ಹೊರಬರಲು ಒಂದು ವಾರದಿಂದ ಹತ್ತು ದಿನ ಸಾಕು. ಈ ಭೇದವು ಪಾಂಡಿತ್ಯಪ್ರದರ್ಶನವಲ್ಲ. ಕೇಳತಕ್ಕದ್ದೇನೆಂಬುದು ಇದರಿಂದಲೇ ನಿರ್ಣಯವಾಗುತ್ತದೆ. ಒಣಗಿದ ಕಾಗದ, ಡಬ್ಬಿಗಳನ್ನು ಮಳೆ ತಾಗದಂತೆ ಮನೆಯೊಳಗಿಟ್ಟುಕೊಂಡರೆ ವಾರಕ್ಕೆ ಒಂದೆರಡು ಸಲ ಎತ್ತಿದರೂ ಬಾಧಕವಿಲ್ಲ. ಹಸಿಕಸವಾದರೋ ದಿನಬಿಟ್ಟು ದಿನಕ್ಕೆ ನಾರುತ್ತದೆ, ವಾರ ಬಿಟ್ಟರೆ ನೊಣದ ಗೂಡಾಗುತ್ತದೆ. ಭಾರತದ ಪಟ್ಟಣಗಳ ಮನೆಕಸದಲ್ಲಿ ತೂಕದಿಂದ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಹಸಿಕಸವೇ. ಆದ್ದರಿಂದ ಅದನ್ನು ಪ್ರತಿದಿನವೂ ಎತ್ತಿರಿ ಎಂಬುದು ಕೋರಿಕೆ. ಕಸವನ್ನು ಎತ್ತಿರಿ ಎಂಬುದು ಬರಿಯ ಗೊಣಗಾಟ.

ಮೂರನೆಯ ದೋಷವು ಅಜ್ಞಾನದ ಎಲ್ಲೆಯನ್ನು ದಾಟಿ ಅನ್ಯಾಯವನ್ನು ಮುಟ್ಟುತ್ತದೆ. ಕೆಲವು ಮಾದರಿ ಉತ್ತರಗಳು ಕಸವನ್ನು ಊರ ಹೊರಗೆ ಸಾಗಿಸಬೇಕೆಂದು ಕೇಳುತ್ತವೆ. ಊರ ಹೊರಗೆ ಎಂದರೆ ಇನ್ನೊಬ್ಬರ ಊರ ಒಳಗೆ ಎಂಬ ಮಾತು ಬರೆದವರಿಗೆ ಹೊಳೆದಂತಿಲ್ಲ. ಬೆಂಗಳೂರಿನ ಕಸವು ವರ್ಷಗಟ್ಟಲೆ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗಿ ಬಿದ್ದಿತು. 2012ರಲ್ಲಿ ಮಾವಳ್ಳಿಪುರದ ಜನರ ವಿರೋಧದಿಂದ ಅಲ್ಲಿಯ ದಾರಿ ಮುಚ್ಚಿದಾಗ ರಾಜಧಾನಿಯ ಬೀದಿಗಳಲ್ಲಿಯೇ ಕಸ ರಾಶಿಗೊಂಡಿತು. ಭಾರವೆಲ್ಲ ಮಂಡೂರಿನ ಮೇಲೆ ಬಿದ್ದು, 2014ರಲ್ಲಿ ಅಲ್ಲಿಯವರೂ ಎದ್ದುನಿಂತರು. ಬೆರಕೆಯಾದ ಕಸವನ್ನು ಗುಡ್ಡೆಹಾಕುವುದಲ್ಲದೆ ಬೇರೇನೂ ಮಾಡಲಾಗದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಮನೆಯಲ್ಲಿಯೇ ಬೇರ್ಪಡಿಸಿದರೆ ಹಸಿಕಸ ಗೊಬ್ಬರವಾಗುತ್ತದೆ, ಒಣಕಸ ಮಾರಾಟಕ್ಕೆ ಹೋಗುತ್ತದೆ, ಗುಡ್ಡೆಗೆ ಹೋಗುವುದು ಅಲ್ಪಭಾಗ. 2016ರ ಏಪ್ರಿಲ್ 8ರಂದು ಕೇಂದ್ರ ಸರ್ಕಾರವು ಪ್ರಕಟಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಈ ಹೊಣೆಯನ್ನು ಎರಡು ಕಡೆಗೂ ಹಂಚಿದವು: ಬೇರ್ಪಡಿಸಿ ಕೊಡುವುದು ಮನೆಯವರ ಕರ್ತವ್ಯ, ಮನೆಬಾಗಿಲಿಗೆ ಬಂದು ಎತ್ತುವುದು ಸ್ಥಳೀಯಸಂಸ್ಥೆಯ ಕರ್ತವ್ಯ. ಮಾದರಿ ಉತ್ತರವು ಎರಡನೆಯದನ್ನು ಮಾತ್ರ ಅಸ್ಪಷ್ಟವಾಗಿ ನೆನೆಯುತ್ತದೆ; ಮೊದಲನೆಯದು ಅದರಲ್ಲಿ ಇಲ್ಲವೇ ಇಲ್ಲ. ಹದಿನಾರು ವರ್ಷದ ಹುಡುಗನು ತನ್ನ ಮನೆಯ ಬುಟ್ಟಿಯನ್ನು ಬಿಟ್ಟು ಉಳಿದೆಲ್ಲರ ಮೇಲೆ ತಪ್ಪು ಹೊರಿಸುವುದನ್ನು ಕಲಿತು, ಅದಕ್ಕಾಗಿ ಅಂಕವನ್ನೂ ಪಡೆದು ಹೊರಬರುತ್ತಾನೆ.

ವಿವರವುಳ್ಳ ದೂರಿನಿಂದ ಏನಾದೀತೆಂದು ಕೇಳುವವರಿಗೆ ಬೆಂಗಳೂರಿನಲ್ಲಿಯೇ ಉದಾಹರಣೆ ಉಂಟು. ಆ ನಗರದ ನಿವಾಸಿ ಅಲ್ಮಿತ್ರಾ ಪಟೇಲ್ ಎಂಬವರು ನಗರಗಳ ಕಸದ ವಿಷಯವಾಗಿ 1996ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ನ್ಯಾಯಾಲಯವು ಒಂದು ಸಮಿತಿಯನ್ನು ನೇಮಿಸಿತು. 1999ರಲ್ಲಿ ಅದರ ವರದಿ ಬಂದಿತು. 2000ದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಗರಕಸದ ನಿಯಮಗಳು ಮೊದಲಬಾರಿಗೆ ಜಾರಿಗೆ ಬಂದವು. ದುರ್ವಾಸನೆ ಸಹಿಸಲಸಾಧ್ಯವೆಂದಷ್ಟೇ ಬರೆದ ಅರ್ಜಿಯಿಂದ ಯಾವ ನ್ಯಾಯಾಲಯವೂ ನಿಯಮವನ್ನು ಹೊರಡಿಸಲಾರದು. ಏನು ತಪ್ಪಿದೆ, ಹೇಗೆ ನಡೆಯಬೇಕು, ಯಾರು ನಡೆಸಬೇಕು ಎಂದು ತೋರಿಸಿದಾಗಲೇ ಆಜ್ಞೆ ಮಾಡುವವನಿಗೆ ಆಜ್ಞೆಯ ವಸ್ತು ದೊರೆಯುತ್ತದೆ.

ಇಷ್ಟಕ್ಕೆ ಅಧ್ಯಾಪಕರು ಒಂದು ಸಮಾಧಾನವನ್ನು ಹೇಳುವುದುಂಟು, ಅದನ್ನು ತಳ್ಳಿಹಾಕುವಂತಿಲ್ಲ. ಪರೀಕ್ಷಾಮಂದಿರದಲ್ಲಿ ಕುಳಿತ ಹುಡುಗನು ಯಾವ ರಾಶಿಯನ್ನು ಹೋಗಿ ನೋಡಿಯಾನು? ಸಾವಿರಾರು ಉತ್ತರಪತ್ರಿಕೆಗಳನ್ನು ನೂರಾರು ಮಂದಿ ಮೌಲ್ಯಮಾಪಕರು ತಿದ್ದುವಾಗ ಎಲ್ಲರಿಗೂ ಒಂದೇ ಅಳತೆಗೋಲು ಬೇಡವೆ? ಮನೆಯಲ್ಲಿ ಓದುಬರಹದ ಆಸರೆಯಿಲ್ಲದ ಮಗುವಿಗೆ ಈ ಸಿದ್ಧರೂಪವೇ ಊರುಗೋಲಲ್ಲವೆ? ಈ ಮಾತುಗಳಲ್ಲಿ ಸತ್ಯವಿದೆ. ಪತ್ರದ ಅಂಗಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ತಪ್ಪೇನೂ ಇಲ್ಲ. ದಿನಾಂಕ ಎಲ್ಲಿ, ಸಹಿ ಎಲ್ಲಿ ಎಂಬುದು ಕಲಿತೇ ಬರಬೇಕಾದ ಸಂಪ್ರದಾಯ. ತಪ್ಪಿರುವುದು ಒಡಲನ್ನೂ ಬಾಯಿಪಾಠ ಮಾಡಿಸುವುದರಲ್ಲಿ. ಅಂಕಗಳ ಹಂಚಿಕೆಯೂ ಇದನ್ನು ಬಲವಂತಪಡಿಸಿಲ್ಲ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಸಂಪಾದಕರಿಗೆ ಬರೆಯುವ ಪತ್ರಕ್ಕೆ 120ರಿಂದ 150 ಪದಗಳ ಮಿತಿಯನ್ನೂ 5 ಅಂಕಗಳನ್ನೂ ಇತ್ತೀಚಿನ ವರ್ಷಗಳಲ್ಲಿ ಇಟ್ಟುಕೊಂಡು ಬಂದಿದ್ದಾರೆ. ಅವುಗಳಲ್ಲಿ ರೂಪಕ್ಕೆ 1, ವಿಚಾರಗಳ ಜೋಡಣೆಗೆ 1, ಶುದ್ಧತೆಗೆ 1, ವಸ್ತುವಿಗೆ 2. ಎಲ್ಲಕ್ಕಿಂತ ಹೆಚ್ಚು ಅಂಕ ವಸ್ತುವಿಗೇ ಇದೆ. ಆ ಎರಡು ಅಂಕಗಳನ್ನು ದುರ್ವಾಸನೆ, ಸೊಳ್ಳೆ, ನಿರ್ಲಕ್ಷ್ಯ ಎಂಬ ಮೂರು ಮಾತುಗಳಿಗೆ ಮಾರಿಬಿಡುವುದು ಮಾರ್ಗದರ್ಶಿ ಪುಸ್ತಕಗಳ ಪದ್ಧತಿ.

ವಸ್ತುವನ್ನು ಹುಡುಗನು ಕಲ್ಪಿಸಬೇಕಾಗಿಲ್ಲ; ಪ್ರಶ್ನೆಯೇ ಅದನ್ನು ಒದಗಿಸಬಹುದು. ಲೆಕ್ಕದ ಪ್ರಶ್ನೆಯಲ್ಲಿ ಅಂಕೆಗಳನ್ನು ಕೊಡುವಂತೆ ಇಲ್ಲಿ ಸಂಗತಿಗಳನ್ನು ಕೊಡಬೇಕು. ಉದಾಹರಣೆಗೆ ಹೀಗೆ: ಗಾಂಧಿನಗರದ 3ನೆಯ ಅಡ್ಡರಸ್ತೆಯಲ್ಲಿ 62 ಮನೆಗಳಿವೆ. ರಸ್ತೆಯ ಬಾಯಲ್ಲಿ ಮೋರಿಯ ಕೆಲಸಕ್ಕಾಗಿ ಅಗೆದಿರುವುದರಿಂದ ಜೂನ್ 1ರಿಂದ ಕಸದ ಗಾಡಿ ಒಳಗೆ ಬರುತ್ತಿಲ್ಲ. ಜನರು ಶಾಲೆಯ ಪಕ್ಕದ ಖಾಲಿ ನಿವೇಶನದಲ್ಲಿ ಕಸ ಎಸೆಯುತ್ತಿದ್ದಾರೆ. ಜೂನ್ 12ರಂದು ನಗರಸಭೆಗೆ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ಮೋರಿಯ ಕೆಲಸ ಮುಗಿಯಲು ಇನ್ನೂ ಒಂದು ತಿಂಗಳು ಬೇಕು. ಬಡಾವಣೆಯ ಉದ್ಯಾನದ ಗೇಟು ಮುರಿದಿದೆ. ಈ ಆರು ಸಂಗತಿಗಳಲ್ಲಿ ಕೊನೆಯದು ಪತ್ರಕ್ಕೆ ಬೇಡವಾದದ್ದು. ಅದನ್ನು ಬಿಡಬಲ್ಲವನಿಗೆ ವಿವೇಕವಿದೆಯೆಂದು ತಿಳಿಯಬಹುದು. ಇದಕ್ಕೆ ಒಬ್ಬ ಸಾಧಾರಣ ವಿದ್ಯಾರ್ಥಿ ಬರೆಯಬಹುದಾದ ಪತ್ರದ ಒಡಲು ಇಂತಿರಬಹುದು:

“ಮಾನ್ಯರೇ, ಗಾಂಧಿನಗರದ 3ನೆಯ ಅಡ್ಡರಸ್ತೆಯ 62 ಮನೆಗಳಿಗೆ ಜೂನ್ 1ರಿಂದ ಕಸದ ಗಾಡಿ ಬಂದಿಲ್ಲ. ರಸ್ತೆಯ ಬಾಯಲ್ಲಿ ಮೋರಿಗಾಗಿ ಅಗೆದಿರುವುದರಿಂದ ಗಾಡಿ ಒಳಗೆ ಬರಲಾಗದು. ಇದು ಚಾಲಕರ ತಪ್ಪಲ್ಲ. ಆದರೆ ಬದಲಿ ಏರ್ಪಾಡು ಇಲ್ಲದ್ದರಿಂದ ನಮ್ಮಲ್ಲಿ ಕೆಲವರು ಶಾಲೆಯ ಪಕ್ಕದ ಖಾಲಿ ನಿವೇಶನದಲ್ಲಿ ಕಸ ಎಸೆಯುತ್ತಿದ್ದಾರೆ. ಅಲ್ಲಿ ಹುಟ್ಟಿದ ನೊಣಗಳು ಮಕ್ಕಳು ಊಟಮಾಡುವ ಜಗಲಿಯನ್ನು ಮುತ್ತುತ್ತಿವೆ. ಜೂನ್ 12ರಂದು ನಗರಸಭೆಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆದಿದ್ದೇವೆ, ಉತ್ತರ ಬಂದಿಲ್ಲ. ಮೋರಿಯ ಕೆಲಸ ಇನ್ನೊಂದು ತಿಂಗಳು ನಡೆಯಲಿದೆಯಂತೆ. ಅಲ್ಲಿಯವರೆಗೆ ಗಾಡಿಯು ದಿನವೂ ಬೆಳಗ್ಗೆ ಗೊತ್ತಾದ ಹೊತ್ತಿಗೆ ಮುಖ್ಯರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ, ಹಸಿಕಸ ಒಣಕಸಗಳನ್ನು ಬೇರ್ಪಡಿಸಿ ನಾವೇ ತಂದುಕೊಡುತ್ತೇವೆ. ಈಗಿರುವ ರಾಶಿಯನ್ನು ಒಮ್ಮೆ ಎತ್ತಿಸಬೇಕು. ಇದೇ ತೊಂದರೆಯಿರುವ ಬೇರೆ ಬೀದಿಯವರೂ ಹೀಗೆಯೇ ಕೇಳಲೆಂದು ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ.”

ಇದರಲ್ಲಿ ಅಲಂಕಾರವಿಲ್ಲ, ಕಠಿನವಾದ ಒಂದು ಮಾತೂ ಇಲ್ಲ. ನೊಣ ಮುತ್ತುವ ಜಗಲಿಯೊಂದನ್ನು ಬಿಟ್ಟರೆ ಉಳಿದೆಲ್ಲ ಸಂಗತಿಗಳೂ ಪ್ರಶ್ನೆಯಿಂದಲೇ ಬಂದವು. ಕೋರಿಕೆಯೊಂದನ್ನು ಮಾತ್ರ ವಿದ್ಯಾರ್ಥಿಯು ತಾನೇ ಯೋಚಿಸಿ ಕಟ್ಟಿದ್ದಾನೆ. ಆದರೆ ಇಲ್ಲಿ ಕಸವನ್ನು ತೆಗೆದು ಬೀದಿದೀಪವನ್ನಿಡಲು ಬರುವುದಿಲ್ಲ. ಪೌರಾಯುಕ್ತರು ಇದನ್ನು ಬೆಳಗ್ಗೆ ಓದಿದರೆ ಮಧ್ಯಾಹ್ನದೊಳಗೆ ಯಾರಿಗೆ ಏನು ಹೇಳಬೇಕೆಂಬುದು ಅವರಿಗೆ ಗೊತ್ತಾಗುತ್ತದೆ. ಅದಕ್ಕೆ ಹೊಸ ಗಾಡಿಯೂ ಬೇಡ, ಹೊಸ ಹಣವೂ ಬೇಡ. ವರದಿಗಾರನು ಸ್ಥಳವನ್ನು ಹುಡುಕಿಕೊಂಡು ಹೋಗಬಲ್ಲನು. ತಮ್ಮ ಕಡೆಯ ತಪ್ಪನ್ನೂ ಬರೆದವರು ಮುಚ್ಚಿಟ್ಟಿಲ್ಲ, ಆದುದರಿಂದ ಅವರ ಉಳಿದ ಮಾತನ್ನೂ ನಂಬಬೇಕೆನಿಸುತ್ತದೆ. ತಿದ್ದುವವರ ಕೆಲಸವೂ ಇದರಿಂದ ಹಗುರವಾಗುತ್ತದೆ. ಸ್ಥಳ ಹೇಳಿದೆಯೆ, ಎಂದಿನಿಂದ ಎಂದು ಹೇಳಿದೆಯೆ, ಕಾರಣ ಹೇಳಿದೆಯೆ, ಮೊದಲಿನ ದೂರು ಹೇಳಿದೆಯೆ, ಮಾಡಬಹುದಾದ ಒಂದು ಕೆಲಸವನ್ನು ಕೇಳಿದೆಯೆ ಎಂಬ ಐದು ಪ್ರಶ್ನೆಗಳಿಗೆ ಹೌದು ಅಲ್ಲ ಎಂದರೆ ಮುಗಿಯಿತು. ನೂರು ಮಂದಿ ತಿದ್ದಿದರೂ ಉತ್ತರದಲ್ಲಿ ಹೆಚ್ಚು ಭೇದ ಬರುವುದಿಲ್ಲ. ಪರಿಣಾಮಕಾರಿಯಾದ ಶೈಲಿ ಎಂಬಂಥ ಮಾತಿಗಿಂತ ಇದು ನೆಚ್ಚಬಹುದಾದ ಅಳತೆ. ಆಸರೆಯಿಲ್ಲದ ಮಗುವಿಗೂ ಇದರಿಂದ ನಷ್ಟವಿಲ್ಲ. ಕಂಠಪಾಠಕ್ಕೆ ಮನೆಪಾಠದವರ ಸಹಾಯ ಬೇಕು, ಎದುರಿಗಿರುವ ಸಂಗತಿಗಳನ್ನು ಕ್ರಮವಾಗಿ ಜೋಡಿಸಲು ಯಾರ ಸಹಾಯವೂ ಬೇಡ.

ಮಾರ್ಗದರ್ಶಿ ಪುಸ್ತಕದವರು ತಾವಾಗಿ ಬದಲಾಗುವರೆಂದು ನಿರೀಕ್ಷಿಸುವಂತಿಲ್ಲ. ಪ್ರಶ್ನೆ ಹೇಗೆ ಬರುವುದೋ ಹಾಗೆ ಅವರ ಉತ್ತರ. ಪ್ರಶ್ನೆಯಲ್ಲಿ ಪ್ರತಿವರ್ಷವೂ ಬೇರೆ ಬೇರೆ ಸಂಗತಿಗಳು ಬಂದರೆ ಸಿದ್ಧ ಒಡಲಿಗೆ ಗಿರಾಕಿಗಳಿರುವುದಿಲ್ಲ. ಆದುದರಿಂದ ತಿದ್ದುಪಡಿ ಆಗಬೇಕಾದದ್ದು ಪ್ರಶ್ನೆಪತ್ರಿಕೆ ರಚಿಸುವವರ ಮೇಜಿನ ಮೇಲೆ. ಅದಾಗುವವರೆಗೆ ಮನೆಗಳಲ್ಲಿ ತಾಯಿತಂದೆಗಳು ಮಾಡಬಹುದಾದದ್ದೂ ಒಂದುಂಟು. ಮಗು ಕಸದ ಪತ್ರವನ್ನು ಬಾಯಿಪಾಠ ಮಾಡುವಾಗ ಅದನ್ನು ಬೀದಿಯ ಮೂಲೆಗೆ ಕರೆದೊಯ್ದು, ಆ ರಾಶಿಯಲ್ಲಿ ಏನೇನಿದೆ, ಅದು ಎಲ್ಲಿಂದ ಬಂದಿರಬೇಕು, ಅದರಲ್ಲಿ ತಮ್ಮ ಮನೆಯದೆಷ್ಟು ಎಂದು ಕೇಳುವುದು.